'k' ಅಂದ್ರೆ ಕೋಪ ಅಲ್ಲ, 'lol' ಅಂದ್ರೆ ನಗು ಅಲ್ಲ

(1/10)
ನಿಮ್ಮಲ್ಲಿ ಎಷ್ಟು ಜನ ಒಂದೇ ಒಂದು 'k' ನೋಡಿ ರಾತ್ರಿ ನಿದ್ದೆ ಕೆಡಿಸ್ಕೊಂಡಿದ್ದೀರಿ? ಕೈ ಎತ್ತಿ. ನಾನಂತೂ ಎರಡೂ ಕೈ ಎತ್ತಿದೀನಿ.

ಇದು ಉದ್ದ ಬರಹ. ಒಂದು ಕ್ಯಾಪ್ಶನ್‌ಗೆ 2200 ಅಕ್ಷರ ಅಷ್ಟೇ ಹಿಡಿಸೋದು, ಅದಕ್ಕೆ ಹತ್ತು ತುಂಡು ಮಾಡಿದೀನಿ. ಫೋಟೋ ಯಾಕೆ ಬರೀ ಕಪ್ಪು ಹಿನ್ನೆಲೆಯಲ್ಲಿ ಒಂದು ಅಕ್ಷರ ಅಂತ ಕೇಳ್ಬೇಡಿ. ಓದ್ತಾ ಗೊತ್ತಾಗತ್ತೆ.

ಹೋದ ಸೆಮಿಸ್ಟರಲ್ಲಿ ನನ್ನ ಬೆಂಚ್‌ಮೇಟ್ ಕಳಿಸಿದ ನಾಲ್ಕು ಸಣ್ಣ ಮೆಸೇಜುಗಳನ್ನ ನಾನು ತಪ್ಪಾಗಿ ಓದಿದೆ. ನಾಲ್ಕೂ ಸೇರಿಸಿದ್ರೆ ಇಪ್ಪತ್ತು ಅಕ್ಷರ ಕೂಡ ಆಗಲ್ಲ. ಅದರಿಂದ ಅವಳ ಇಂಟರ್ನಲ್ ಮಾರ್ಕ್ಸ್ ಹೋಗೋದ್ರಲ್ಲಿತ್ತು, ನನ್ನ ಮೂರು ವರ್ಷದ ಸ್ನೇಹವೂ ಹೋಗೋದ್ರಲ್ಲಿತ್ತು. ಆಮೇಲೆ ನಾನು ಕೂತು ಯೋಚನೆ ಮಾಡಿದೆ. ಈ 'k', 'kk', 'hmm', 'lol' ಎಲ್ಲ ದಿನಾ ನೂರು ಸಲ ಕಳಿಸ್ತೀವಲ್ಲ, ಇವು ಓದೋರಿಗೆ ನಿಜವಾಗಿ ಏನು ಹೇಳ್ತವೆ?

ಆ ನಾಲ್ಕು ಮೆಸೇಜು ಇವು. (ನಾವು ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲೇ, ನಿಮಗೂ ಗೊತ್ತು. ಓದೋಕೆ ಸುಲಭ ಆಗ್ಲಿ ಅಂತ ನನ್ನ ಮಾತನ್ನ ಕನ್ನಡದಲ್ಲಿ ಹಾಕಿದೀನಿ.)

ಸೋಮವಾರ ರಾತ್ರಿ ನಾನು: 'ನಾಳೆ 9ಕ್ಕೆ ಲೈಬ್ರರಿ ಹತ್ರ ಬಾರೇ, ಸೆಮಿನಾರ್ ಸ್ಲೈಡ್ ಇನ್ನೂ ಅರ್ಧ ಇದೆ.' ನಲವತ್ತು ನಿಮಿಷ ಬಿಟ್ಟು ಅವಳು: 'k'

ಮಂಗಳವಾರ ಅವಳು ಬರ್ಲಿಲ್ಲ. ನಾನು: 'ಬರ್ತೀನಿ ಅಂದ್ಯಲ್ಲ?' ಅವಳು: 'hmm'

ಸಂಜೆ ನಾನು: 'ನಿನ್ ಪಾರ್ಟ್ ಆದ್ರೂ ಕಳ್ಸು.' ಅವಳು: 'ok'. ಏನೂ ಕಳಿಸ್ಲಿಲ್ಲ.

ಬುಧವಾರ ರಾತ್ರಿ ನಾನು: 'ನನ್ ಮೇಲೆ ಏನಾದ್ರೂ ಬೇಜಾರಾ?' ಅವಳು: 'illa lol'

ನೀವಾಗಿದ್ರೆ ಏನಂತ ಓದ್ತಿದ್ರಿ? ಮುಂದಿನ ಕ್ಯಾಪ್ಶನ್‌ಗೆ ಹೋಗೋ ಮುಂಚೆ ಒಂದು ಉತ್ತರ ಮನಸ್ಸಲ್ಲಿ ಇಟ್ಕೊಳ್ಳಿ.

(2/10)
ನಾನು ಓದಿದ್ದು ಹೀಗೆ: ಇವಳಿಗೆ ಕೆಲಸ ಮಾಡೋಕೆ ಇಷ್ಟ ಇಲ್ಲ, ಕೇಳಿದ್ರೆ ತಮಾಷೆ ಬೇರೆ ಮಾಡ್ತಾಳೆ. ಅದಕ್ಕೆ ನಾನೂ ಒಂದು ಉತ್ತರ ಕಳಿಸಿದೆ. 'k.' ಅಂತ. ಹೌದು, ಚುಕ್ಕಿ ಇಟ್ಟು. ಆ ಚುಕ್ಕಿಯ ಕಥೆ ಆಮೇಲೆ ಹೇಳ್ತೀನಿ.

ಮೊದಲು 'k' ಎಲ್ಲಿಂದ ಬಂತು ನೋಡೋಣ. ಇದು ಗೊತ್ತಾದ್ರೆ ಅರ್ಧ ಜಗಳ ಮುಗಿಯತ್ತೆ.

ನಿಮ್ಮ ಮನೇಲಿ ಹಳೇ ಕೀಪ್ಯಾಡ್ ಫೋನ್ ಇದ್ರೆ ತೆಗೀರಿ. ಅದರಲ್ಲಿ 5ನೇ ಬಟನ್ ಮೇಲೆ j, k, l ಅಂತ ಮೂರು ಅಕ್ಷರ ಇರತ್ತೆ. k ಬೇಕು ಅಂದ್ರೆ 5ನ್ನ ಎರಡು ಸಲ ಒತ್ತಬೇಕು. o ಬೇಕು ಅಂದ್ರೆ 6ನ್ನ ಮೂರು ಸಲ. ಅಂದ್ರೆ 'ok' ಬರೆಯೋಕೆ ಐದು ಒತ್ತು. 'okay' ಅಂತ ಪೂರ್ತಿ ಬರೆದ್ರೆ ಒಂಬತ್ತು. ನಮ್ಮ 'sari' ಬರೆದು ನೋಡಿ: s ಗೆ ನಾಲ್ಕು, a ಗೆ ಒಂದು, r ಗೆ ಮೂರು, i ಗೆ ಮೂರು. ಒಟ್ಟು ಹನ್ನೊಂದು ಒತ್ತು! ಬಸ್ಸಲ್ಲಿ ಒಂದು ಕೈಲಿ ಕಂಬಿ ಹಿಡ್ಕೊಂಡು ನಿಂತೋರಿಗೆ ಹನ್ನೊಂದು ಒತ್ತಿಗೂ ಎರಡು ಒತ್ತಿಗೂ ಎಷ್ಟು ವ್ಯತ್ಯಾಸ ಇತ್ತು ಅಂತ ಯೋಚನೆ ಮಾಡಿ.

ಇನ್ನೊಂದು ವಿಷಯ. ಆಗ ದುಡ್ಡು ಹೋಗ್ತಿದ್ದದ್ದು ಅಕ್ಷರಕ್ಕಲ್ಲ, ಮೆಸೇಜಿಗೆ. ಒಂದು ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರ ಬರೆದ್ರೂ ಅದೇ ಚಾರ್ಜು, ಒಂದೇ ಅಕ್ಷರ ಬರೆದ್ರೂ ಅದೇ ಚಾರ್ಜು. ಅದಕ್ಕೇ ಎಲ್ರೂ 160ರೊಳಗೆ ಇಡೀ ಕಥೆ ತುರುಕೋಕೆ u, r, 2moro, gr8 ಅಂತ ಕತ್ತರಿಸ್ತಿದ್ರು. ಬರೀ 'ಸರಿ' ಅಂತ ಹೇಳೋಕೆ ಯಾರೂ ದುಡ್ಡು ಹಾಕ್ತಿರ್ಲಿಲ್ಲ. ಅದಕ್ಕೆ ಮಿಸ್ಡ್ ಕಾಲ್ ಇತ್ತಲ್ಲ. 'ತಲುಪಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು' ಅಂತ ಅಮ್ಮ ಈಗಲೂ ಹೇಳ್ತಾರೆ, ಕಾಲ್ ಫ್ರೀ ಆಗಿ ಎಷ್ಟು ವರ್ಷ ಆಯ್ತೋ.

(3/10)
ಹಾಗಾಗಿ ಅಂಥ ಕಾಲದಲ್ಲಿ ಒಬ್ಬರು 'k' ಅಂತ ಉತ್ತರ ಕಳಿಸಿದ್ರು ಅಂದ್ರೆ, 'ನಿನ್ನ ಮೆಸೇಜ್ ಸಿಕ್ತು, ನೀನು ಕಾಯ್ತಾ ಕೂರೋದು ಬೇಡ ಅಂತ ನಾನು ಒಂದು ಮೆಸೇಜಿನ ದುಡ್ಡು ಖರ್ಚು ಮಾಡಿದೀನಿ' ಅಂತ ಅರ್ಥ. ಅದು ಮರ್ಯಾದೆ!

ನಮ್ಮಪ್ಪ ಈಗಲೂ ಎಲ್ಲದಕ್ಕೂ 'k' ಅಂತಲೇ ಕಳಿಸೋದು. 'ಅಪ್ಪ ಫೀಸ್ ಕಟ್ಟಿದೆ', 'k'. 'ಅಪ್ಪ ಫಸ್ಟ್ ಕ್ಲಾಸ್ ಬಂತು', 'k'. ಪಿಯುಸಿ ರಿಸಲ್ಟ್ ದಿನ ಆ 'k' ನೋಡಿ ನಾನು ಅತ್ತಿದ್ದೆ. ಸಂಜೆ ಮನೆಗೆ ಬಂದ್ರೆ ಅಪ್ಪ ಬೀದಿಗೆಲ್ಲ ಮೈಸೂರುಪಾಕ್ ಹಂಚಿ ಮುಗಿಸಿದ್ರು. ಅವರ ಬೆರಳಿಗೆ ಕಲಿತದ್ದು ಕೀಪ್ಯಾಡ್ ಲೆಕ್ಕ. ಆ ಲೆಕ್ಕದಲ್ಲಿ 'k' ಅನ್ನೋದು ಪೂರ್ತಿ ಉತ್ತರ.

ನಮ್ಮ ಲೆಕ್ಕ ಬೇರೆ. ನಮ್ಮ ಫೋನಲ್ಲಿ o ಒತ್ತಿದ್ರೆ 'ok' ಅಂತ ಅದೇ ತೋರಿಸತ್ತೆ. ಮೆಸೇಜಿಗೆ ದುಡ್ಡಿಲ್ಲ. ಅಂದ್ಮೇಲೆ 'k' ಅಂತ ಬರೆದು ಯಾರೂ ಏನನ್ನೂ ಉಳಿಸ್ತಿಲ್ಲ. ಉಳಿತಾಯ ಇಲ್ಲದ ಕಡೆ ಯಾರಾದ್ರೂ ಉಳಿಸಿದ್ರೆ ನಮಗೆ ಅನಿಸೋದು, ಇವರು ಅಕ್ಷರ ಅಲ್ಲ, ನಮಗೆ ಕೊಡೋ ಸಮಯವನ್ನ ಉಳಿಸ್ತಿದ್ದಾರೆ ಅಂತ. 'ಒಂದು o ಹಾಕೋಕೂ ನಾನು ಲಾಯಕ್ಕಿಲ್ವಾ?' ಅಂತ. ಅಕ್ಷರ ಅದೇ. ಅದರ ಹಿಂದಿದ್ದ ಖರ್ಚು ಹೋಯ್ತು, ಹಾಗಾಗಿ ಓದೋರ ತಲೆಯಲ್ಲಿ ಅರ್ಥವೂ ತಿರುಗಿಬಿತ್ತು.

ನನ್ನ ಅಭಿಪ್ರಾಯ ಏನಂದ್ರೆ, ಚಾಟಲ್ಲಿ ನಾವು ಪದ ಓದಲ್ಲ, ಎದುರಿನೋರು ಎಷ್ಟು ಶ್ರಮ ಪಟ್ರು ಅಂತ ಎಣಿಸ್ತೀವಿ. ಹುಟ್ಟಿದ ಹಬ್ಬಕ್ಕೆ 'HBD' ಅಂತ ಮೂರಕ್ಷರ ಬಂದ್ರೆ ಪೆಚ್ಚಾಗೋದು ಅದಕ್ಕೇ. ಯಾರದೋ ಮನೇಲಿ ಸಾವಾದಾಗ ಗ್ರೂಪಲ್ಲಿ ಸಾಲಾಗಿ 'RIP', 'RIP' ಅಂತ ಬೀಳತ್ತಲ್ಲ, ಅದು ಹೊಟ್ಟೆ ತೊಳೆಸೋ ಹಾಗೆ ಕಾಣೋದೂ ಅದಕ್ಕೇ. ಸಾವಿನ ಮನೆಗೆ ಹೋದೋರು ಮಾತಾಡದೆ ಸುಮ್ನೆ ಕೂತು ಬಂದ್ರೂ ಸಾಕು, ಹೋದ್ರಲ್ಲ ಅನ್ನೋದೇ ಮಾತು. 'RIP'ನಲ್ಲಿ ಹೋಗೋದೂ ಇಲ್ಲ, ಕೂರೋದೂ ಇಲ್ಲ.

(4/10)
'kk' ಬಗ್ಗೆ ಸ್ವಲ್ಪ. 'k' ಮುಖ ಗಂಟು ಹಾಕ್ಕೊಂಡ ಹಾಗೆ ಕಂಡ್ರೆ 'kk' ತಲೆ ಆಡಿಸಿ ನಕ್ಕ ಹಾಗೆ ಕಾಣತ್ತೆ. ಇರೋದು ಒಂದೇ ಅಕ್ಷರದ ವ್ಯತ್ಯಾಸ. ಕನ್ನಡದೋರಿಗೆ ಇದು ಹೊಸದಲ್ಲ. ಅಜ್ಜಿ ಹತ್ರ 'ನಾಳೆ ಬರ್ತೀನಜ್ಜಿ' ಅಂದ್ರೆ 'ಹೂಂ ಹೂಂ, ಬಾ ಬಾ' ಅಂತಾರೆ. ಒಂದೇ 'ಬಾ' ಅಂದ್ರೆ ಆಜ್ಞೆ, ಎರಡು 'ಬಾ' ಅಂದ್ರೆ ಅಕ್ಕರೆ. 'ಕೂತ್ಕೊ ಕೂತ್ಕೊ', 'ತಿನ್ನು ತಿನ್ನು' ಎಲ್ಲ ಅದೇ ಜಾತಿ. ಆದ್ರೆ ಹುಷಾರು, 'ಆಯ್ತಾಯ್ತು' ಅಂತ ಎರಡು ಸಲ ಅಂದ್ರೆ 'ಬಾಯಿ ಮುಚ್ಚು ಸಾಕು' ಅಂತಲೂ ಆಗತ್ತೆ. (ಬ್ರೆಜಿಲ್‌ನೋರು 'kkkk' ಅಂದ್ರೆ ಅದು ನಗು. ಥಾಯ್‌ಲ್ಯಾಂಡಿನೋರು '555' ಅಂತ ನಗ್ತಾರೆ, ಅವರ ಭಾಷೆಲಿ ಐದಕ್ಕೆ 'ಹಾ' ಅಂತಾರೆ. ಇದು ಬರೀ ಮಜಾಕ್ಕೆ ಹೇಳಿದ್ದು.)

ಈಗ ಆ ಚುಕ್ಕಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದಲ್ಲಿ ಸೀಲಿಯಾ ಕ್ಲಿನ್ ಅನ್ನೋರ ತಂಡ 2015ರಲ್ಲಿ ಇದನ್ನೇ ಪರೀಕ್ಷೆ ಮಾಡಿತ್ತು. 126 ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಸಂಭಾಷಣೆಗಳನ್ನ ಕೊಟ್ರು. ಒಬ್ಬರು ಏನೋ ಕರೀತಾರೆ, ಇನ್ನೊಬ್ಬರು ಒಂದೇ ಪದದಲ್ಲಿ ಒಪ್ಕೋತಾರೆ. ಆ ಪದದ ಕೊನೇಲಿ ಕೆಲವಕ್ಕೆ ಚುಕ್ಕಿ ಇತ್ತು, ಕೆಲವಕ್ಕೆ ಇರ್ಲಿಲ್ಲ. ಮೆಸೇಜ್ ರೂಪದಲ್ಲಿ ಓದಿದಾಗ ಚುಕ್ಕಿ ಇದ್ದ ಉತ್ತರ ಅಷ್ಟು ಮನಸಾರೆ ಹೇಳಿದ್ದಲ್ಲ ಅಂತ ಅವರಿಗೆ ಅನಿಸ್ತು. ಅದೇ ಮಾತನ್ನ ಕೈಬರಹದ ಚೀಟಿ ಮೇಲೆ ತೋರಿಸಿದಾಗ ಚುಕ್ಕಿ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ.

ಯಾಕೆ ಹೀಗೆ? ಚೀಟಿಯಲ್ಲಿ ಚುಕ್ಕಿಗೆ ಕೆಲಸ ಇದೆ, ವಾಕ್ಯ ಮುಗೀತು ಅಂತ ಅದೇ ಹೇಳಬೇಕು. ಚಾಟಲ್ಲಿ 'ಸೆಂಡ್' ಒತ್ತಿದ ಕೂಡ್ಲೇ ವಾಕ್ಯ ಮುಗೀತು. ಆಮೇಲೂ ಚುಕ್ಕಿ ಇಟ್ರೆ, ಮುಚ್ಚಿದ ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಒಳಗಿದ್ದೋರಿಗೆ ಆ ಸದ್ದು ಕೇಳಿಸತ್ತೆ.

ಪರೀಕ್ಷೆ ಮಾಡಿದ್ದು ಅಮೆರಿಕದ ಹುಡುಗ ಹುಡುಗೀರ ಮೇಲೆ, ಅದೂ ಒಂದೇ ಪದದ ಉತ್ತರದ ಮೇಲೆ. ನಮ್ಮ ಲೆಕ್ಚರರು ಗ್ರೂಪಲ್ಲಿ ನಾಲ್ಕು ವಾಕ್ಯ ಬರೆದು ನಾಲ್ಕಕ್ಕೂ ಚುಕ್ಕಿ ಇಟ್ರೆ ಅದು ಕೋಪ ಅಲ್ಲ, ಅವರು ವ್ಯಾಕರಣ ಕಲಿತಿದ್ದಾರೆ ಅಷ್ಟೇ.

(5/10)
ಈಗ ನಮ್ಮದೇ ಸ್ವಂತ ಸಮಸ್ಯೆಗೆ ಬರೋಣ. 'hmm'.

ಇಂಗ್ಲಿಷ್ ಮಾತಾಡೋರಿಗೆ 'hmm' ಅಂದ್ರೆ ಯೋಚನೆ ಮಾಡ್ತಿದೀನಿ, ಅನುಮಾನ ಇದೆ ಅಂತ. ನಮಗೆ 'ಹೂಂ' ಅಂದ್ರೆ ಹೌದು. ಮೂಗಲ್ಲಿ ಹೇಳೋ ಆ 'ಹೂಂ'ನ ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೀತೀರಿ? ಒಬ್ಬರು 'hu' ಅಂತಾರೆ, ಇನ್ನೊಬ್ಬರು 'hoo', 'hun', 'hm', 'hmm'. ನಮ್ಮ ಕ್ಲಾಸಲ್ಲಿ ಹೊರರಾಜ್ಯದಿಂದ ಬಂದ ಹುಡುಗ ಒಬ್ಬ ಇದ್ದಾನೆ. 'ನೋಟ್ಸ್ ಕೊಡ್ತೀಯಾ' ಅಂತ ಕೇಳಿದ್ದಕ್ಕೆ ನಾನು 'hmm' ಅಂದೆ. ಅವನು ಎರಡು ದಿನ ನೋಟ್ಸ್ ತಗೊಳ್ಳೋಕೇ ಬರ್ಲಿಲ್ಲ, ನನಗೆ ಕೊಡೋಕೆ ಮನಸ್ಸಿಲ್ಲ ಅಂದ್ಕೊಂಡಿದ್ದ!

ಕನ್ನಡ ಇಂಗ್ಲಿಷ್ ಅಕ್ಷರದೊಳಗೆ ಹೋಗಿ ಕೂತದ್ದಕ್ಕೂ ಒಂದು ಲೆಕ್ಕ ಇದೆ. ಎಸ್ಸೆಮ್ಮೆಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಅಂದ್ನಲ್ಲ, ಕನ್ನಡ ಲಿಪಿಯಲ್ಲಿ ಬರೆದ್ರೆ ಸಿಗೋದು 70 ಮಾತ್ರ. ಆ 70ರಲ್ಲೂ ಕಾಗುಣಿತದ ಪ್ರತಿ ಗುರುತಿಗೂ ಬೇರೆ ಲೆಕ್ಕ. 'ಅಕ್ಕ' ಅನ್ನೋದು ನಮ್ಮ ಕಣ್ಣಿಗೆ ಎರಡು ಅಕ್ಷರ. ಫೋನಿಗೆ ಅದು ಅ, ಕ, ವಿರಾಮದ ಗುರುತು, ಮತ್ತೆ ಕ, ಒಟ್ಟು ನಾಲ್ಕು. ಒತ್ತಕ್ಷರ ಇಲ್ಲದೆ ಕನ್ನಡದಲ್ಲಿ ಯಾರು ಮಾತಾಡ್ತಾರೆ ಹೇಳಿ? ಮೇಲಾಗಿ ಎಷ್ಟೋ ಫೋನಲ್ಲಿ ಕನ್ನಡದ ಫಾಂಟೇ ಇರ್ಲಿಲ್ಲ, ಕಳಿಸಿದ್ರೆ ಆ ಕಡೆಗೆ ಬರೀ ಚೌಕ ಚೌಕ ಡಬ್ಬಿ ಕಾಣ್ತಿತ್ತು. ಅದಕ್ಕೇ ನಮ್ಮ ಅಣ್ಣಂದಿರು ಅಕ್ಕಂದಿರು 'oota aytha' ಅಂತ ಶುರು ಮಾಡಿದ್ರು, ನಾವು ಹಾಗೇ ಮುಂದುವರಿಸ್ಕೊಂಡು ಬಂದ್ವಿ.

(6/10)
'hmm' ಇಷ್ಟಕ್ಕೇ ಮುಗಿಯಲ್ಲ. ಕನ್ನಡದವರ ನಡುವೆಯೇ 'hmm' ಯಾಕೆ ಬೇಜಾರು ತರಿಸತ್ತೆ?

ಅಜ್ಜಿ ಕಥೆ ಹೇಳೋವಾಗ ನಾವು ಹೂಂಗುಟ್ಟಬೇಕಿತ್ತು, ನೆನಪಿದೆಯಾ? ಹೂಂಗುಟ್ಟದಿದ್ರೆ 'ಮಲಗಿಬಿಟ್ಯಾ?' ಅಂತ ಕಥೆ ನಿಲ್ಲಿಸಿಬಿಡ್ತಿದ್ರು. ಅಲ್ಲಿ 'ಹೂಂ' ಅನ್ನೋದು ಮಾತಲ್ಲ, ನಿಮ್ಮ ಮಾತು ಮುಂದುವರೀಲಿ, ನಾನು ಇಲ್ಲೇ ಇದೀನಿ ಅನ್ನೋ ಸದ್ದು. ಫೋನಲ್ಲೂ ಹಾಗೇ, ಎದುರಿನೋರು ಮಾತಾಡ್ತಾ ಇರ್ತಾರೆ, ನಾವು ಮಧ್ಯೆ ಮಧ್ಯೆ 'ಹೂಂ' ಅಂತೀವಿ. ಮಾತಾಡೋ ಸರದಿ ಅವರ ಹತ್ರಾನೇ ಉಳಿಯತ್ತೆ.

ಚಾಟಲ್ಲಿ ಅದು ಆಗಲ್ಲ. ನಾನು ಮೆಸೇಜ್ ಕಳಿಸಿ ಮುಗಿಸಿದೆ, ಸರದಿ ನಿಮಗೆ ಬಂತು. ನೀವು ಆ ಸರದಿ ತಗೊಂಡು ಅದರೊಳಗೆ ಬರೀ 'hmm' ಇಟ್ಟು ವಾಪಸ್ ಕಳಿಸಿದ್ರಿ. ತಟ್ಟೆ ಹೋಯ್ತು, ಖಾಲಿ ತಟ್ಟೆ ವಾಪಸ್ ಬಂತು. ನೀವು ಕಳಿಸಿದ್ದು ಅಜ್ಜಿ ಕಥೆಯ 'ಹೂಂ'. ನನಗೆ ಬಂದಿದ್ದು ಬಾಗಿಲು ಹಾಕಿದ 'ಹೂಂ'. ಇಬ್ಬರೂ ಸುಳ್ಳು ಹೇಳ್ಲಿಲ್ಲ, ಆದ್ರೂ ಮಾತು ಅಲ್ಲೇ ಸತ್ತು ಬಿತ್ತು.

ನನ್ನ ಬೆಂಚ್‌ಮೇಟ್ ಮಂಗಳವಾರ ಕಳಿಸಿದ 'hmm' ಇಂಥದ್ದೇ. 'ಬರ್ತೀನಿ ಅಂದ್ಯಲ್ಲ?' ಅಂತ ನಾನು ಕೇಳಿದ್ದೆ. ಅವಳು 'ಹೂಂ, ಅಂದಿದ್ದೆ' ಅಂತ ಒಪ್ಕೊಂಡಿದ್ಲು ಅಷ್ಟೇ. ನಾನು ಅದನ್ನ 'ಏನೀಗ?' ಅಂತ ಓದಿದೆ.

ಲೆಕ್ಚರರಿಗೆ 'k sir' ಅಂತ ಕಳಿಸೋರಿಗೂ ಇಲ್ಲೇ ಒಂದು ಮಾತು. ಅದರಲ್ಲಿ ಒಂದು ಪದ ಎದ್ದು ನಿಂತಿದೆ, ಇನ್ನೊಂದು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿದೆ. 'ಆಯ್ತು ಸರ್' ಅನ್ನಿ, ಏನು ಕಷ್ಟ?

(7/10)
ಈಗ ನನಗೆ ಅತಿ ಮುಖ್ಯ ಅನ್ಸಿದ್ದು. 'lol'.

ಪೂರ್ತಿ ರೂಪ ಎಲ್ರಿಗೂ ಗೊತ್ತು, ಜೋರಾಗಿ ನಗ್ತಿದೀನಿ ಅಂತ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ 2011ರಲ್ಲೇ ಅದನ್ನ ಒಳಗೆ ಸೇರಿಸ್ಕೊಂಡಿದೆ. ಆದ್ರೂ ಬ್ರಿಟನ್ನಿನ ಪ್ರಧಾನಿ ಆಗಿದ್ದ ಡೇವಿಡ್ ಕ್ಯಾಮರೂನ್ ಅವರು ಅದನ್ನ 'ತುಂಬಾ ಪ್ರೀತಿಯಿಂದ' ಅಂತ ತಿಳ್ಕೊಂಡು ಮೆಸೇಜಿನ ಕೊನೇಲಿ ಹಾಕ್ತಿದ್ರಂತೆ. ಪತ್ರಿಕೆ ಸಂಪಾದಕಿ ಆಗಿದ್ದ ರೆಬೆಕಾ ಬ್ರೂಕ್ಸ್ 2012ರಲ್ಲಿ ಒಂದು ವಿಚಾರಣೆಯಲ್ಲಿ ಇದನ್ನ ಹೇಳಿ ಎಲ್ರನ್ನೂ ನಗಿಸಿದ್ರು.

ಈಗ ನೀವು ಕೊನೇ ಸಲ 'lol' ಕಳಿಸಿದ್ದು ಯಾವಾಗ? ಆಗ ನಿಜವಾಗಿ ನಕ್ಕಿದ್ರಾ? ಮುಖದಲ್ಲಿ ಒಂದು ಗೆರೆನಾದ್ರೂ ಅಲ್ಲಾಡ್ತಾ? ಇಲ್ಲ ಅಲ್ವಾ. ಜಾನ್ ಮ್ಯಾಕ್‌ವರ್ಟರ್ ಅನ್ನೋ ಅಮೆರಿಕದ ಭಾಷಾ ವಿದ್ವಾಂಸರು 2013ರ ಒಂದು ಟೆಡ್ ಭಾಷಣದಲ್ಲಿ ಇದನ್ನೇ ಹೇಳ್ತಾರೆ. 'lol' ಈಗ ನಗು ಅಲ್ಲ, ಇಬ್ಬರ ನಡುವೆ ಮನಸ್ಸು ಹೊಂದಿಸೋ ಒಂದು ಸಣ್ಣ ಕಣ ಆಗಿಬಿಟ್ಟಿದೆ ಅಂತ. ನಮ್ಮ 'ಕಣೇ', 'ಮಾರಾಯ', 'ಅಲ್ವಾ' ಇವೆಲ್ಲ ಮಾಡೋ ಕೆಲಸದ ಹತ್ರಕ್ಕೆ ಬರತ್ತೆ.

ನಾನು ಅದಕ್ಕೆ ಒಂದು ಮಾತು ಸೇರಿಸ್ತೀನಿ. ಗಮನಿಸಿ ನೋಡಿ, 'lol' ಜಾಸ್ತಿ ಅಂಟ್ಕೊಳ್ಳೋದು ನಗೋ ಮಾತಿಗಲ್ಲ, ಹೇಳೋಕೆ ಮುಜುಗರ ಆಗೋ ಮಾತಿಗೆ. 'ಎರಡು ಸಬ್ಜೆಕ್ಟ್ ಹೋಯ್ತು lol'. 'ನನ್ನ ಯಾರೂ ಕರೀಲೇ ಇಲ್ಲ lol'. 'ಮೂರು ದಿನದಿಂದ ನಿದ್ದೆ ಇಲ್ಲ lol'. ಈ ವಾಕ್ಯಗಳಿಂದ 'lol' ತೆಗೆದು ಓದಿ. ಹೆದರಿಕೆ ಆಗತ್ತೆ ಅಲ್ವಾ? ಆ ಹೆದರಿಕೆ ಓದೋರಿಗೆ ಆಗ್ಬಾರ್ದು ಅಂತಲೇ ಬರೆಯೋರು 'lol' ಹಾಕಿರ್ತಾರೆ. 'ಇದನ್ನ ಹೇಳಿಬಿಟ್ಟೆ, ನೀನು ದೊಡ್ಡದು ಮಾಡ್ಬೇಡ, ಬೇಕಿದ್ರೆ ನಕ್ಕು ಬಿಟ್ಟುಬಿಡು' ಅಂತ ನಮಗೆ ಒಂದು ಹಿಂಬಾಗಿಲು ತೆಗೆದಿಟ್ಟಿರ್ತಾರೆ. ನಾವು ಖುಷಿಯಾಗಿ ಆ ಹಿಂಬಾಗಿಲಿಂದ ಹೊರಟು ಹೋಗ್ತೀವಿ, 'ಹಹಹ' ಅಂತ ಉತ್ತರ ಕೊಟ್ಟು.

ಎಲ್ಲಾ 'lol' ಹೀಗಲ್ಲ. ಮೀಮ್ ಕೆಳಗೆ ಬರೋ 'lol' ಸುಮ್ನೆ ಒಂದು ಸ್ಟಾಂಪು. ತನ್ನ ಬಗ್ಗೆ ಹೇಳ್ಕೊಂಡ ವಾಕ್ಯದ ಬಾಲದಲ್ಲಿ ಇದ್ರೆ ಮಾತ್ರ ಎರಡನೇ ಸಲ ಓದಿ.

(8/10)
ಸೆಮಿನಾರ್ ದಿನಕ್ಕೆ ಬರ್ತೀನಿ.

ಗುರುವಾರ ನಾನೊಬ್ಬಳೇ ಪ್ರೆಸೆಂಟ್ ಮಾಡಿದೆ. ಮೊದಲ ಸ್ಲೈಡಿಂದ ಅವಳ ಹೆಸರು ತೆಗೆದಿದ್ದೆ. ಸರ್ ಕೇಳಿದ್ದಕ್ಕೆ 'ಅವಳು ಏನೂ ಮಾಡಿಲ್ಲ ಸರ್' ಅಂದೆ. ಸುಳ್ಳೇನಲ್ಲ. ಆ ಪಿಪಿಟಿನ ಕ್ಲಾಸ್ ಗ್ರೂಪಿಗೂ ಹಾಕಿದೆ, ನನ್ನ ಒಂದೇ ಹೆಸರಿನ ಜೊತೆ.

ಶುಕ್ರವಾರ ಅವಳ ಊರಿನ ಬಸ್ಸಲ್ಲಿ ಬರೋ ಜೂನಿಯರ್ ಹುಡುಗಿ ಹೇಳಿದ್ಲು. 'ಅಕ್ಕ, ಅವ್ರ ತಂದೆಗೆ ಸೋಮವಾರ ಸ್ಟ್ರೋಕ್ ಆಗಿದೆ ಅಂತೆ, ಆಸ್ಪತ್ರೇಲಿದ್ದಾರೆ.'

ನಾನು ಕ್ಯಾಂಟೀನ್ ಹಿಂದೆ ಹೋಗಿ ಕೂತು ನಮ್ಮಿಬ್ಬರ ಚಾಟ್ ಮೇಲಕ್ಕೆ ಎಳೀತಾ ಹೋದೆ. ಆ ಹಿಂದಿನ ಒಂದು ತಿಂಗಳಿನ ಮಾತು ಪೂರ್ತಿ ಓದಿದೆ. ಅವಳು ಯಾವತ್ತೂ ಬರೀ 'k' ಅಂದೋಳೇ ಅಲ್ಲ. 'kk ಕಣೇ', 'kk ಬರ್ತೀನಿ ತಲೆ ತಿನ್ಬೇಡ', ಹಿಂದೆ ಒಂದು ಅಳೋ ನಗೋ ಮುಖ. ಆ ಸೋಮವಾರದಿಂದ 'ಕಣೇ' ಇಲ್ಲ, ಎಮೋಜಿ ಇಲ್ಲ, ಬೈಗುಳ ಇಲ್ಲ. ಮೊದಲೆಲ್ಲ ಉತ್ತರ ಎರಡು ನಿಮಿಷಕ್ಕೆ ಬರ್ತಿತ್ತು, ಈಗ ನಲವತ್ತು ನಿಮಿಷ, ಎರಡು ಗಂಟೆ. ಒಂದು ಮೆಸೇಜ್ ಬೆಳಗಿನ ಜಾವ 3:20ಕ್ಕೆ ಬಂದಿತ್ತು. ಆ ಹೊತ್ತಲ್ಲಿ ಯಾವ ಮುನಿಸಿಕೊಂಡ ಹುಡುಗಿ ಎದ್ದಿರ್ತಾಳೆ?

ಎಲ್ಲ ಕಣ್ಣೆದುರಿಗೇ ಇತ್ತು. ನಾನು ನೋಡಿದ್ದು 'k' ಒಂದನ್ನೇ, ಅದೂ ರೀಲ್ಸಲ್ಲಿ ಕಲಿತ ಅರ್ಥ ಇಟ್ಕೊಂಡು. 'k' ಅಂದ್ರೆ ಕೋಪ ಅಂತ ಯಾರೋ ಹೇಳಿದ್ರು, ನಾನು ನಂಬಿದೆ. ಅವಳ ಹಳೇ ಮಾತಿನ ಪಕ್ಕ ಇಟ್ಟು ನೋಡ್ಲೇ ಇಲ್ಲ. ಆಮೇಲೆ ಅವಳೇ ಹೇಳಿದ್ಲು, ಆ ಮೊದಲ 'k' ಟೈಪ್ ಮಾಡಿದಾಗ ಒಂದು ಕೈಲಿ ಡ್ರಿಪ್ ಬಾಟ್ಲಿ ಎತ್ತಿ ಹಿಡ್ಕೊಂಡಿದ್ಲಂತೆ. ನಮ್ಮಪ್ಪನ 'k' ಹಾಗೇ, ಬೆರಳಿನ ಲೆಕ್ಕ.

ಕೋಪ ಅಂತ ನಾನು ಹೆದರಿದ 'k'ನಲ್ಲಿ ಏನೂ ಇರ್ಲಿಲ್ಲ. ತಮಾಷೆ ಅಂತ ಬಿಟ್ಟ 'illa lol'ನಲ್ಲಿ ಎಲ್ಲಾ ಇತ್ತು.

(9/10)
ಹಾಗಾದ್ರೆ ಗೊತ್ತಾಗೋದು ಹೇಗೆ ಅಂತ ಕೇಳ್ತೀರಿ. ನನಗೆ ಉಪಯೋಗ ಆಗಿದ್ದು ಎರಡೇ ಎರಡು.

ಮೊದಲನೇದು, ಮೇಲಕ್ಕೆ ಎಳೆದು ನೋಡೋದು. 'k' ಅಂದ್ರೇನು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ. ಈ ಮನುಷ್ಯನ 'k' ಅಂದ್ರೇನು ಅನ್ನೋದಕ್ಕೆ ಉತ್ತರ ಇದೆ, ಅದು ನಿಮ್ಮ ಫೋನಲ್ಲೇ ಇದೆ. ಯಾವಾಗಲೂ 'k' ಅನ್ನೋರು 'k' ಅಂದ್ರೆ ಸುದ್ದಿ ಅಲ್ಲ. ಯಾವಾಗಲೂ 'k' ಅನ್ನೋರು ಇದ್ದಕ್ಕಿದ್ದ ಹಾಗೆ 'okay, thank you so much' ಅಂದ್ರೆ ಆಗ ಎದ್ದು ಕೂತ್ಕೊಳ್ಳಿ. ಒಂದು ಪದ ಬದಲಾದ್ರೆ ಏನೂ ಇಲ್ಲದಿರಬಹುದು. ಪದ, ಎಮೋಜಿ, ಕರೆಯೋ ರೀತಿ, ಉತ್ತರ ಕೊಡೋ ಹೊತ್ತು, ಇದರಲ್ಲಿ ಮೂರು ನಾಲ್ಕು ಒಟ್ಟಿಗೆ ಬದಲಾದ್ರೆ ಏನೋ ಆಗಿದೆ. ಏನಾಗಿದೆ ಅಂತ ಮಾತ್ರ ಅದರಿಂದ ಗೊತ್ತಾಗಲ್ಲ. ನಾನು ಎಡವಿದ್ದು ಅಲ್ಲೇ ಇರಬೇಕು, ಏನೋ ಆಗಿದೆ ಅನ್ನೋದು ಸರಿಯಾಗೇ ಕಾಣ್ತು, ಅದು ನನ್ನ ಬಗ್ಗೆಯೇ ಅಂತ ನಾನೇ ತೀರ್ಮಾನ ಮಾಡ್ಕೊಂಡೆ.

ಎರಡನೇದು, ಕೇಳೋ ಪ್ರಶ್ನೆ. 'ಆರಾಮಿದ್ದೀಯಾ?' ಅಂದ್ರೆ 'hmm' ಅಂತಲೇ ಬರತ್ತೆ. 'ಬೇಜಾರಾ?' ಅಂದ್ರೆ 'illa lol'. ಹೌದು, ಇಲ್ಲ ಅಂತ ಮುಗಿಸೋ ಪ್ರಶ್ನೆ ಕೇಳಿದ್ರೆ ಎದುರಿನೋರಿಗೆ ತಪ್ಪಿಸ್ಕೊಳ್ಳೋದು ಸುಲಭ. ಅದೂ 'ನನ್ ಮೇಲೆ ಬೇಜಾರಾ' ಅಂತ ಕೇಳಿದ್ದು ನೋಡಿ, ಆಸ್ಪತ್ರೇಲಿ ಕೂತಿರೋಳಿಗೆ ನನ್ನನ್ನೂ ಸಮಾಧಾನ ಮಾಡೋ ಕೆಲಸ ಬೇರೆ ಕೊಟ್ಟಿದ್ದೆ!

ಶುಕ್ರವಾರ ಮಧ್ಯಾಹ್ನ ನಾನು ಕಳಿಸಿದ್ದು ಇಷ್ಟೇ: 'ಈಗ ಎಲ್ಲಿದ್ದೀಯಾ?'

'ಎಲ್ಲಿ' ಅನ್ನೋದಕ್ಕೆ 'k' ಅಂತ ಉತ್ತರ ಕೊಡೋಕಾಗಲ್ಲ. ಹತ್ತು ನಿಮಿಷ ಏನೂ ಬರ್ಲಿಲ್ಲ. ಟೈಪ್ ಮಾಡ್ತಿದ್ದಾಳೆ ಅಂತ ತೋರಿಸ್ತು, ನಿಂತ್ಹೋಯ್ತು, ಮತ್ತೆ ತೋರಿಸ್ತು. ಆಮೇಲೆ ಆಸ್ಪತ್ರೆ ಹೆಸರು, ವಾರ್ಡ್ ನಂಬರ್ ಬಂತು. ಅದರ ಕೆಳಗೆ, 'ಬರ್ತೀಯೇನೇ?'

(10/10)
ಹೋದೆ. ಫ್ಲಾಸ್ಕಲ್ಲಿ ಟೀ, ನಮ್ಮಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ಅವಳ ಅಪ್ಪ ಮಲಗಿದ್ರು, ಬಲಗೈ ಆಡ್ತಿರ್ಲಿಲ್ಲ. ಅವರ ಅಮ್ಮ ನನ್ನ ನೋಡಿ 'ಕಾಲೇಜಿಂದ ಬಂದ್ಯೇನವ್ವ' ಅಂತ ಅತ್ರು. ನಾವಿಬ್ಬರೂ ಹೊರಗೆ ಮೆಟ್ಟಿಲ ಮೇಲೆ ಕೂತ್ವಿ.

'ಯಾಕೆ ಹೇಳ್ಲಿಲ್ಲ?' ಅಂದೆ.

'ಹೇಳಿದ್ರೆ ನೀನು ಸ್ಲೈಡ್ ಬಿಟ್ಟು ಬರ್ತಿದ್ದೆ ಅಂತ ಸುಮ್ನಿದ್ದೆ. ಆಮೇಲೆ ಬುಧವಾರ ಹೇಳೋಣ ಅಂತ ಫೋನ್ ತಗೊಂಡೆ. ನೀನು k ಚುಕ್ಕಿ ಕಳಿಸಿದ್ದೆ. ಆ ಚುಕ್ಕಿ ನೋಡಿ ಫೋನ್ ಕೆಳಗಿಟ್ಟೆ ಕಣೇ.'

ಅಂದ್ರೆ ಅವಳ ನಾಲ್ಕು ಮೆಸೇಜನ್ನೂ ನಾನು ತಪ್ಪಾಗಿ ಓದಿದೆ, ನನ್ನ ಒಂದೇ ಮೆಸೇಜನ್ನ ಅವಳು ಸರಿಯಾಗೇ ಓದಿದ್ಲು. ನಾನು ನೋಯಿಸೋಕೇ ಇಟ್ಟ ಚುಕ್ಕಿ ಅದು.

ಸೋಮವಾರ ಹೋಗಿ ಸರ್‌ಗೆ ನಡೆದದ್ದೆಲ್ಲ ಹೇಳಿದೆ, ಹೆಸರು ತೆಗೆದಿದ್ದು ಯಾಕೆ ಅಂತಲೂ. ಅವರು ನನ್ನ ಸ್ವಲ್ಪ ಹೊತ್ತು ನೋಡಿ, ಅವಳಿಗೆ ಎರಡು ವಾರ ಬಿಟ್ಟು ಬೇರೆ ದಿನ ಕೊಟ್ರು. ಸ್ಲೈಡ್ ನಾವಿಬ್ಬರೂ ಕೂತು ಮಾಡಿದ್ವಿ, ಅವಳದ್ದೇ ಭಾಗ, ನಾನು ಬರೀ ಫಾಂಟ್ ಸರಿ ಮಾಡಿದೆ. ಕ್ಲಾಸ್ ಗ್ರೂಪಲ್ಲಿ ಹಳೇ ಪಿಪಿಟಿ ಡಿಲೀಟ್ ಮಾಡಿ ಎರಡು ಹೆಸರಿಂದು ಹಾಕಿದೆ. ನಲವತ್ತು ಜನ ನೋಡಿದ್ರು, ಒಬ್ಬರೂ ಏನೂ ಕೇಳ್ಲಿಲ್ಲ.

ಅವಳ ಅಪ್ಪ ಈಗ ಕೋಲು ಹಿಡ್ಕೊಂಡು ಹಟ್ಟಿ ತನಕ ನಡೀತಾರೆ. ಎಡಗೈಲಿ ಫೋನ್ ಒತ್ತೋದು ಕಲೀತಿದ್ದಾರಂತೆ. ಹೋದ ವಾರ ಅವಳ ಫೋನಿಗೆ ಅವರೇ ಕಳಿಸಿದ ಮೊದಲ ಮೆಸೇಜಿನ ಸ್ಕ್ರೀನ್‌ಶಾಟ್ ನನಗೆ ಕಳಿಸಿದ್ಲು. ಮೊದಲನೇ ಫೋಟೋದಲ್ಲಿ ಕಪ್ಪು ಹಿನ್ನೆಲೆ ಮೇಲೆ ನೀವು ನೋಡಿದ ಅಕ್ಷರ ಅದೇ, ಅವಳನ್ನ ಕೇಳಿ ಹಾಕಿದೀನಿ. 'ಅಪ್ಪ ಊಟ ಮಾಡಿ ಮಾತ್ರೆ ತಗೊಳ್ಳಿ' ಅಂತ ಅವಳು ಬರೆದಿದ್ಲು.

'k'